ಅಣ್ಣ ಬರೆದುಕೊಟ್ಟ ಬಾಕಿ ನೋಟಿಸು

ಕನ್ನಡಕದಂಗಡಿಯವನು ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾದದ್ದು ಯಾವ ಸಾಮರ್ಥ್ಯದಿಂದಲೂ ಅಲ್ಲ. ಸಭೆಯಲ್ಲಿ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟಿದ್ದರು. ಲಿಫ್ಟ್ ನಿಂತರೆ ಓಡಾಡುವುದು, ಪಂಪಿನವನಿಗೆ ಫೋನು ಮಾಡುವುದು, ಇವೆಲ್ಲ ಅವನಿಗೆ ಕಷ್ಟವಿರಲಿಲ್ಲ. ಆದರೆ ನಾಲ್ಕು ಸಾಲು ಬರೆಯಬೇಕೆಂದರೆ ಜ್ವರ ಬಂದ ಹಾಗಾಗುತ್ತಿತ್ತು. ಪುಣ್ಯಕ್ಕೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಡಹುಟ್ಟಿದ ಅಣ್ಣನಿದ್ದ. ಅಣ್ಣ ಕಚೇರಿಯಲ್ಲಿ ಜೀವಮಾನವೆಲ್ಲ ಪತ್ರಗಳ ಕರಡು ತಿದ್ದಿ ನಿವೃತ್ತನಾದವನು. ನೀರು ಬರುವುದಿಲ್ಲ ಎಂಬ ಸೂಚನೆಯಿಂದ ಹಿಡಿದು ಬಣ್ಣದ ಗುತ್ತಿಗೆದಾರನಿಗೆ ಕೊಟ್ಟ ಎಚ್ಚರಿಕೆಯವರೆಗೆ ಸಂಘದ ಕಾಗದವೆಲ್ಲ ಅಣ್ಣನ ಕೈಯಿಂದಲೇ ಹುಟ್ಟುತ್ತಿತ್ತು. ತಮ್ಮ ಕೆಳಗೊಂದು ಸಹಿ ಹಾಕಿ ದೊಡ್ಡ ಮನುಷ್ಯನಾಗುತ್ತಿದ್ದ.

ಈ ಸಲ ಬರೆಯಬೇಕಾದದ್ದು ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡವರಿಗೆ ನೋಟಿಸು. ಬಾಕಿದಾರರು ಮೂವರು. ಅವರಲ್ಲಿ ಅಣ್ಣನೂ ಒಬ್ಬ.

"ನಿಮ್ಮಣ್ಣನಿಗೂ ಕೊಡಬೇಕು," ಎಂದು ಖಜಾಂಚಿ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹಗಲೆಲ್ಲ ಔಷಧಿ ಅಂಗಡಿ ನಡೆಸುವ ಹೆಂಗಸು, ಡೋಸು ಅಳೆದಂತೆಯೇ ಮಾತು. "ಅವರನ್ನ ಬಿಟ್ರೆ ಉಳಿದಿಬ್ಬರೂ ನಮ್ಮ ಮುಖ ನೋಡಿ ನಗ್ತಾರೆ. ಲಿಫ್ಟಿನ ಒಪ್ಪಂದ ಈ ತಿಂಗಳು ಮುಗಿಯುತ್ತೆ. ದುಡ್ಡಿಲ್ಲದೆ ನವೀಕರಣ ಹೇಗೆ?"

"ಅವನ ರೂಮು ಸೋರುತ್ತೆ ಮೇಡಂ. ತಾರಸಿ ಸರಿ ಮಾಡಿದ ಮೇಲೆ ಕೊಡ್ತೀನಿ ಅಂತಾನೆ."

"ಸೋರೋದು ಬೇರೆ, ಶುಲ್ಕ ಬೇರೆ. ತಾರಸಿ ಸಂಘದ್ದೇ, ಒಪ್ಪಿದೆ. ಆದ್ರೆ ದೂರು ಎಲ್ಲಿದೆ? ಬರೆದು ಕೊಟ್ಟಿದ್ರೆ ಸಮಿತಿ ಮುಂದೆ ಇಡ್ತಿದ್ವಿ."

ಮೂವರ ಹೆಸರನ್ನೂ ಬೋರ್ಡಿಗೆ ಅಂಟಿಸೋಣ ಎಂದು ಸಮಿತಿಯಲ್ಲೊಬ್ಬರು ಉತ್ಸಾಹ ತೋರಿಸಿದ್ದರು. ಅದನ್ನು ಮಾತ್ರ ಅವನು ಜಗಳವಾಡಿ ತಪ್ಪಿಸಿದ್ದ. ಮುಚ್ಚಿದ ಲಕೋಟೆ, ಅವರವರ ಕೈಗೆ, ಪ್ರತಿಯ ಮೇಲೆ ಸಹಿ. ಅಷ್ಟು ಗೆದ್ದರೂ ಅವನಿಗೆ ಸಮಾಧಾನವಾಗಲಿಲ್ಲ. ಅಪ್ಪ ಹೋದ ಮೇಲೆ ಅವನನ್ನು ಓದಿಸಿದವನು ಅಣ್ಣ, ಅಂಗಡಿಗೆ ಮುಂಗಡ ಕಟ್ಟಿದವನು ಅಣ್ಣ. ಅಂಥವನ ಕೈಗೆ ಬಾಕಿ ನೋಟಿಸು ಕೊಟ್ಟ ಮೇಲೆ ಆ ಮನೆಯ ಬಾಗಿಲು ತನಗೆ ಮೊದಲಿನ ಹಾಗೆ ತೆರೆಯುತ್ತದೆಯೇ ಎಂಬುದೊಂದೇ ಅವನ ಚಿಂತೆ.

ಎದುರಿಗೆ ಹೇಳುವ ಎದೆಗಾರಿಕೆಯಿಲ್ಲದೆ ಅವನೊಂದು ಉಪಾಯ ಹೂಡಿದ. ನೋಟಿಸು ಬರೆಸಿಕೊಳ್ಳಲು ಅಣ್ಣನ ಹತ್ತಿರವೇ ಹೋದ. ಬರೆಯುವಾಗ ತಾನೇ ಅರ್ಥಮಾಡಿಕೊಳ್ಳಲಿ ಎಂಬ ಲೆಕ್ಕ. ಇಂಥ ಜಾಣತನ ಅವನೊಬ್ಬನಿಗೇ ಹೊಳೆಯಬೇಕು.

ಅಣ್ಣ ಹಜಾರದ ಮೇಜಿನ ಮುಂದೆ ಕೂತು ಪೆನ್ನಿನ ಮುಚ್ಚಳ ತೆಗೆದ. "ಎಷ್ಟು ಜನ?"

"ಮೂರು. ಹೆಸರಿನ ಜಾಗ ಖಾಲಿ ಬಿಡು. ಆಮೇಲೆ ತುಂಬಿಸ್ಕೋತೀನಿ."

ಅಣ್ಣ ಕತ್ತೆತ್ತಿ ಒಮ್ಮೆ ನೋಡಿದ. ಮಾನ್ಯ ಸದಸ್ಯರೇ ಎಂದು ಶುರುಮಾಡಿದ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಅಸಲೆಷ್ಟು, ನಿಯಮದ ಪ್ರಕಾರ ಬಡ್ಡಿ ಎಷ್ಟು, ಎಲ್ಲಕ್ಕೂ ಜಾಗ ಬಿಟ್ಟ. ಈಗಾಗಲೇ ಕಟ್ಟಿದ್ದರೆ ರಸೀದಿ ತೋರಿಸಿ ಎಂದು ಸೇರಿಸಿದ. ಒಂದೇ ಸಲ ಕಟ್ಟಲಾಗದವರು ಗಡುವಿನೊಳಗೆ ಕಂತು ಕೇಳಿ ಬರೆಯಬಹುದು ಎಂದ.

"ಗಡುವು?"

"ತಿಂಗಳ ಕೊನೆ. ದಯವಿಟ್ಟು ಸಾಧ್ಯವಾದರೆ ಅಷ್ಟರೊಳಗೆ ಅಂತ ಹಾಕು."

"ಸಾಧ್ಯವಾದರೆ ಅಂದ್ರೆ ಯಾರಿಗೂ ಸಾಧ್ಯವಾಗಲ್ಲ ಕಣೋ." ಅಣ್ಣನಿಗೆ ಕಚೇರಿಯ ಹುರುಪು ಬಂದಿತ್ತು. "ಮರ್ಯಾದೆಯನ್ನ ಮೊದಲ ಸಾಲಲ್ಲಿ ಕೊಡು, ಕೊನೇ ಸಾಲಲ್ಲಿ ಕೊಡು. ತಾರೀಖಿನ ಸಾಲನ್ನ ಮಾತ್ರ ಮೆತ್ತಗೆ ಮಾಡಬೇಡ." ಮೂವತ್ತನೇ ತಾರೀಖು ಸಂಜೆಯೊಳಗೆ ಪಾವತಿಸತಕ್ಕದ್ದು, ತಪ್ಪಿದಲ್ಲಿ ಸಂಘದ ನಿಯಮಗಳಂತೆ ವಸೂಲಿ ಕ್ರಮ ಕೈಗೊಳ್ಳಲಾಗುವುದು ಎಂದು ಬರೆದು ಅಡಿಗೆರೆ ಎಳೆದ. "ನೀರು ನಿಲ್ಲಿಸ್ತೀವಿ, ಕರೆಂಟು ನಿಲ್ಲಿಸ್ತೀವಿ ಅಂತೆಲ್ಲ ಹೆದರಿಸಬೇಡಿ. ಹಾಗೆ ಮಾಡೋ ಹಾಗಿಲ್ಲ."

ತಮ್ಮ ಕಾಗದಕ್ಕೆ ಕೈ ಚಾಚಿದ. ಅಣ್ಣ ಕೊಡಲಿಲ್ಲ. ಅಡಿಗೆರೆಯ ಕೆಳಗೆ ಇನ್ನೊಂದು ಸಾಲು ಬರೆದ. ಸಂಘದ ಸೇವೆಯ ಬಗ್ಗೆ ದೂರಿದ್ದಲ್ಲಿ ಪ್ರತ್ಯೇಕವಾಗಿ ಲಿಖಿತದಲ್ಲಿ ನೀಡತಕ್ಕದ್ದು. ಆ ಕಾರಣಕ್ಕೆ ಶುಲ್ಕ ತಡೆಹಿಡಿಯುವಂತಿಲ್ಲ.

ಅಂದರೆ ಅಣ್ಣನಿಗೆ ಗೊತ್ತಾಗಿತ್ತು. ಉಪಾಯ ಫಲಿಸಿತ್ತು, ಆದರೆ ತಮ್ಮನಿಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಇಬ್ಬರನ್ನೂ ನೋಡಿ ಒಳಗೆ ಹೋದಳು.

ಮರುದಿನ ಸಂಜೆ ಅಂಗಡಿ ಮುಚ್ಚಿ ಮೂರು ಲಕೋಟೆ ಹಿಡಿದು ಹೊರಟ. ಉಳಿದಿಬ್ಬರಿಗೆ ಕೊಡುವುದು ಸಲೀಸಾಯಿತು. ಒಬ್ಬರು ಕಂತು ಕೇಳಿದರು, ಇನ್ನೊಬ್ಬರು ಗೊಣಗುತ್ತಲೇ ಸಹಿ ಹಾಕಿದರು. ಅಣ್ಣನ ಬಾಗಿಲಲ್ಲಿ ಮಾತ್ರ ಕರೆಗಂಟೆ ಒತ್ತಲು ಮೀನ ಮೇಷ ಎಣಿಸಿದ.

ಅಣ್ಣನೇ ಬಾಗಿಲು ತೆಗೆದ. ಲಕೋಟೆ ಒಡೆದು, ತಾನೇ ಬರೆದದ್ದನ್ನು ಹೊಸದಾಗಿ ಕಂಡಂತೆ ಮೊದಲಿಂದ ಕೊನೆಯವರೆಗೆ ಓದಿದ. ಮೊತ್ತವನ್ನು ಬೆರಳಿಟ್ಟು ಕೂಡಿ ನೋಡಿದ. ಪ್ರತಿಯ ಮೇಲೆ ಸಹಿ ಹಾಕಿ ತಾರೀಖು ಬರೆದ. ಒಳಗೆ ಹೋಗಿ ಬಂದು ಪೂರ್ತಿ ಬಾಕಿಯ ಚೆಕ್ಕು ಕೊಟ್ಟ, ಅದರ ಜೊತೆಗೆ ಮಡಿಸಿದ ಒಂದು ಹಾಳೆ.

"ಇದು ದೂರು. ನಿನ್ನ ನೋಟಿಸಲ್ಲೇ ಬರೆದಿದೆಯಲ್ಲ, ಲಿಖಿತದಲ್ಲಿ ಅಂತ."

ತಮ್ಮ ನಿಂತಲ್ಲೇ ಓದಿದ. ತಾರಸಿಯ ಬಿರುಕಿನಿಂದ ಮಲಗುವ ಕೋಣೆಗೆ ನೀರಿಳಿಯುತ್ತಿರುವುದನ್ನು ಕಾರ್ಯದರ್ಶಿಗಳ ಗಮನಕ್ಕೆ ಹಲವು ಬಾರಿ ಬಾಯಿಮಾತಿನಲ್ಲಿ ತರಲಾಗಿದ್ದು, ಅವರು ಬಂದು ನೋಡಿರುವುದಿಲ್ಲ ಎಂದಿತ್ತು. ಒಂದಕ್ಷರವೂ ಸುಳ್ಳಲ್ಲ. ನೋಡ್ತೀನಿ ಅಣ್ಣ, ನೋಡ್ತೀನಿ ಎಂದು ಪ್ರತಿ ಸಲವೂ ಹಜಾರದಿಂದಲೇ ಜಾರಿಕೊಂಡಿದ್ದ. ಮನೆಯವನಲ್ಲವೇ, ತಡವಾದರೇನು ಎಂಬ ಸಲಿಗೆ.

"ಇಷ್ಟು ದಿನ ಯಾಕೆ ಬರೆದು ಕೊಡ್ಲಿಲ್ಲ ಅಣ್ಣ? ಊರವರಿಗೆಲ್ಲ ಬರೆದು ಕೊಡ್ತೀಯ."

ಅತ್ತಿಗೆ ಒಳಗಿನಿಂದಲೇ ಹೇಳಿದಳು. "ಬರೆದ್ರೆ ದಾಖಲೆಯಾಗುತ್ತಂತೆ. ಸಭೆಯಲ್ಲಿ ಓದ್ತಾರಂತೆ. ನಾಲ್ಕು ಜನ ನಿನ್ನನ್ನ ಆಡ್ಕೋತಾರಂತೆ. ಅದಕ್ಕೇ ರಾತ್ರಿಯೆಲ್ಲ ಬಕೆಟ್ ಬದಲಾಯಿಸಿದ್ರು, ಪೆನ್ನು ಮುಟ್ಲಿಲ್ಲ."

ತಾನು ಅಣ್ಣನ ಮೊಂಡುತನ ಎಂದುಕೊಂಡದ್ದೆಲ್ಲ ತನ್ನ ಮಾನ ಕಾಯುವ ದಾರಿಯಾಗಿತ್ತು. ನಾಚಿಕೆಗಿಂತ ಹೆಚ್ಚಾಗಿ ತಮ್ಮನಿಗೆ ದುಃಖವಾಯಿತು.

"ನಾಳೆ ಬೆಳಿಗ್ಗೆನೇ ಮೇಸ್ತ್ರೀನ ಕರ್ಕೊಂಡು ಬರ್ತೀನಿ."

"ಅಣ್ಣನ ಮನೆ ಅಂತ ಹಾರಬೇಡ. ಸಮಿತಿ ಮುಂದೆ ಇಡು, ಎರಡು ಮೂರು ಕಡೆ ದರ ಕೇಳು, ಆಮೇಲೆ ಕೆಲಸ. ಈಗ ದೂರಿನ ಈ ಇನ್ನೊಂದು ಪ್ರತಿಗೆ ಸಹಿ ಹಾಕು, ತಲುಪಿದೆ ಅಂತ."

ತಮ್ಮ ಸಹಿ ಹಾಕಿದ. ಚೆಕ್ಕನ್ನೂ ಹಾಳೆಯನ್ನೂ ಜೇಬಿಗಿಟ್ಟ. ಹೊರಡಲು ತಿರುಗಿದವನು, ಮತ್ತೆ ಬಾಗಿಲ ಕಡೆ ಬಂದು ಚಪ್ಪಲಿ ಬಿಟ್ಟ.

"ಆ ರೂಮು ತೋರಿಸಣ್ಣ," ಎಂದ.