ಹಾಡುವಷ್ಟು ಹೊತ್ತು ಮಾತ್ರ

ಭಕ್ತಿ ಚಳವಳಿಗಳ ಬಗ್ಗೆ ಪ್ರೊಫೆಸರಮ್ಮ ಇಂಗ್ಲಿಷಿನಲ್ಲಿ ಬರೆದ ಲೇಖನವನ್ನು ತಿದ್ದಿಕೊಟ್ಟವನು ಅವರ ಒಡಹುಟ್ಟಿದ ತಮ್ಮ. ಅವನಿಗೆ ಭಾಷೆ ತಿದ್ದುವುದೇ ಕಸುಬು. ಇವರಿಗೆ ಇಂಗ್ಲಿಷ್ ಕಬ್ಬಿಣದ ಕಡಲೆ. ಅವನು ಕೊಟ್ಟ ಪ್ರತಿಯನ್ನು ಕಣ್ಣುಮುಚ್ಚಿ ಪತ್ರಿಕೆಗೆ ಕಳಿಸಿದ್ದರು.

ಪತ್ರಿಕೆಯಿಂದ ಕರಡಚ್ಚು ಬಂದಾಗ ಓದಿ ನೋಡಿದರು. 'ಭಕ್ತರು ಒಟ್ಟಿಗೆ ಹಾಡುವಷ್ಟು ಹೊತ್ತು ಮಾತ್ರ ಮೇಲು-ಕೀಳು ಮರೆಯಾಗುತ್ತಿತ್ತು' ಎಂಬ ಅವರ ವಾದ 'ಭಕ್ತಿ ಮೇಲು-ಕೀಳನ್ನು ಅಳಿಸಿತು' ಎಂದಾಗಿತ್ತು. ಹನ್ನೊಂದು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ನೇರವಾಗಿ ಅವನ ಕಚೇರಿಗೆ ಹೋಗಿ ಹಾಳೆ ಮುಂದಿಟ್ಟರು.

"ವಾಕ್ಯ ತುಂಬಾ ಉದ್ದ ಇತ್ತಕ್ಕ, ಸ್ಪಷ್ಟ ಮಾಡಿದೆ ಅಷ್ಟೇ."

"ಪಕ್ಕದಲ್ಲಿ ಗುರುತು ಹಾಕಿ ಕೇಳಬಹುದಿತ್ತಲ್ಲೋ?"

ಅವನು ತಲೆ ತಗ್ಗಿಸಿದ. "ಕೇಳಿದ್ರೆ ನೀನು ಒಪ್ತಿರ್ಲಿಲ್ಲ. ನಿನ್ನ ವಾದ ನಂಗೆ ಸರಿ ಅನ್ನಿಸ್ಲಿಲ್ಲ. ಅದಕ್ಕೇ ತಿದ್ದುಪಡಿ ಕಾಣದ ಹಾಗೆ ಕೊಟ್ಟೆ."

ಅವರು ಅವನ ಪೆನ್ನನ್ನೇ ತೆಗೆದುಕೊಂಡು ತಾವು ಮೊದಲು ಬರೆದಿದ್ದ ಸಾಲನ್ನು ಇಂಗ್ಲಿಷಿನಲ್ಲಿ ಎರಡು ಪುಟ್ಟ ವಾಕ್ಯಗಳಾಗಿ ಬರೆದರು.

"ಇದ್ರಲ್ಲಿ ತಪ್ಪಿದೆಯಾ?"

"ಇಲ್ಲ."

"ಅರ್ಥ ಆಗುತ್ತಾ?"

"ಆಗುತ್ತೆ."

ಲೇಖನದ ಕೊನೆಯಲ್ಲಿ ತಮ್ಮನಿಗೆ ಹೇಳಿದ್ದ ಕೃತಜ್ಞತೆಯನ್ನು ಅವನೆದುರೇ ಹೊಡೆದುಹಾಕಿ ಎದ್ದರು. ಉಳಿದ ಇಪ್ಪತ್ತೆರಡು ಪುಟಗಳನ್ನೂ ಇನ್ನು ತಾವು ಬರೆದಿದ್ದ ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಬೇಕಿತ್ತು.