ಮೊದಲ ಸಾಲಿನಲ್ಲಿ ಎರಡು ಹೆಸರು

ಹನುಮೇಶ್ ಬಂದು ನಿಂತಾಗ ಶ್ರಾವಣಿ ನೆಲದ ಮೇಲೆ ಕೂತು ಜೀನ್ಸ್ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದಳು.

“ಶ್ರಾವಣಿ, ನಿನ್ನೆ ಹಾಕಿದಿ ನೋಡು ಫೋಟೋ, ಅದರ ಕೆಳಗಿನ ಬರಹ ಬದಲಿ ಮಾಡವ್ವ. ‘ವೇಣಿ ಡೆನಿಮ್ ತಯಾರಿಸಿದ ಹೊಸ ಜಾಕೆಟ್’ ಅಂತ ಮೊದಲು ಬರಲಿ. ಕಂಬಳಿಯವರ ಹೆಸರು ಕೆಳಗ ಎಲ್ಲಾದ್ರೂ ಹಾಕು.”

ಅವಳು ಕತ್ತರಿ ಕೆಳಗಿಟ್ಟಳು. ಹನ್ನೆರಡು ಮಿಷನ್ನುಗಳು ಒಟ್ಟಿಗೆ ಓಡುತ್ತಿದ್ದವು. ವೇಣಿ ಡೆನಿಮ್ ಎಂಬ ಆ ಹೊಲಿಗೆ ಶೆಡ್ಡು ರಾಯದುರ್ಗದ ಬೆಟ್ಟದ ಬುಡದ ಓಣಿಯಲ್ಲಿತ್ತು. ಹನುಮೇಶ್ ಮತ್ತು ಅವನ ಹೆಂಡತಿ ನಾಗವೇಣಿ ಅದರ ಮಾಲೀಕರು. ನಾಗವೇಣಿ ಜಿಪ್ಪು, ಗುಂಡಿ ತರಲು ಅಂದು ಬೆಳಗ್ಗೆಯೇ ಬಳ್ಳಾರಿಗೆ ಹೋಗಿದ್ದಳು.

“ಯಾಕಣ್ಣ?” ಎಂದಳು ಶ್ರಾವಣಿ, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ.

“ಬಳ್ಳಾರಿ ಅಂಗಡಿಯವ್ರು ಫೋನ್ ಮಾಡಿದ್ರು. ‘ಇದನ್ನ ಮಾಡೋರು ನೀವೋ, ಅಮರಾಪುರದವ್ರೋ? ಅವರ ನಂಬರ್ ಕೊಡ್ರಿ’ ಅಂತಾರ. ನಾಳೆ ಕಂಬಳಿ ಅಲ್ಲಿಂದ ತಗೊಂಡು, ಹೊಲಿಗಿ ಬ್ಯಾರೆ ಕಡೆ ಹಾಕಿಸಿದ್ರ? ನಾವು ಬಾಯಿ ಮ್ಯಾಲೆ ಬಟ್ಟಿ ಹಾಕ್ಕೊಂಡು ಕೂಡಬೇಕು.”

ಅವನ ಹೆದರಿಕೆ ಸುಳ್ಳಲ್ಲ. ವರ್ಷಗಟ್ಟಲೆ ದೊಡ್ಡ ಕಂಪನಿಗಳಿಗೆ ಹೆಸರಿಲ್ಲದ ಪ್ಯಾಂಟು ಹೊಲಿದುಕೊಟ್ಟ ಶೆಡ್ಡು ಅದು. ತಮ್ಮದೇ ಹೆಸರಿನಲ್ಲಿ ಹೊರಗೆ ಬಂದ ಮೊದಲ ಮಾಲು ಈ ಜಾಕೆಟ್. ಮೈಯೆಲ್ಲ ನೀಲಿ ಡೆನಿಮ್, ಕಾಲರು ಮತ್ತು ಬೆನ್ನಿಗೆ ಕರಿ ಕುರಿಯುಣ್ಣೆಯ ಕಂಬಳಿ. ಕಂಬಳಿ ಬರುತ್ತಿದ್ದದ್ದು ಮಡಕಶಿರಾದ ಆಚೆ, ಅಮರಾಪುರದ ನಾಗರತ್ನಳಿಂದ. ಅವಳ ಮಾವ ಓಬಣ್ಣ ಗುಣಿಮಗ್ಗದಲ್ಲಿ ನೇಯುತ್ತಿದ್ದ. ಅವಳು ‘ಅಮರಾಪುರ ಕಂಬಳಿ’ ಎಂಬ ಹೆಸರಿಟ್ಟು ಫೋನಿನಲ್ಲೇ ಮಾರುತ್ತಿದ್ದಳು. ಅವಳೂ ನಾಗವೇಣಿಯೂ ಅನಂತಪುರದಲ್ಲಿ ನಡೆದ ಡ್ವಾಕ್ರಾ ಮಹಿಳಾ ಸಂಘಗಳ ಮೇಳದಲ್ಲಿ ಅಕ್ಕಪಕ್ಕದ ಸ್ಟಾಲಿನಲ್ಲಿ ಕೂತು ಪರಿಚಯವಾದವರು.

ಇನ್‌ಸ್ಟಾಗ್ರಾಂ ಪೇಜು ನೋಡಿಕೊಳ್ಳುವುದು ಶ್ರಾವಣಿಯ ಕೆಲಸ. ಜಾಕೆಟ್ಟಿನ ಸುದ್ದಿ ಹಾಕುವ ಮುಂಚೆ ಅವಳೂ ನಾಗರತ್ನಳೂ ನಾಲ್ಕು ದಿನ ಫೋನಿನಲ್ಲಿ ಕೂತು ಆ ಬರಹ ಮಾಡಿದ್ದರು. ಪೋಸ್ಟು ಹಾಕುವವರು ವೇಣಿ ಡೆನಿಮ್. ಅಮರಾಪುರಕ್ಕೆ ಜೊತೆಗಾರರಾಗಲು ಕರೆ ಕಳಿಸುವುದು. ಅವರು ಒಪ್ಪಿದರೆ ಅದೇ ಪೋಸ್ಟು ಎರಡೂ ಪೇಜಿನಲ್ಲಿ ಕಾಣುತ್ತದೆ. ಫೋಟೋದ ಮೇಲೆ ಹಾಕಿದವರ ಹೆಸರು ಮೊದಲು ಬರುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಕೆಳಗಿನ ಬರಹದಲ್ಲಿ ಅಮರಾಪುರ ಮೊದಲು ಇರಲಿ ಎಂದು ಶ್ರಾವಣಿಯೇ ಹೇಳಿದ್ದಳು. ಫೋನಿನಲ್ಲಿ ಒಂದೆರಡು ಸಾಲಷ್ಟೇ ಕಾಣುತ್ತದೆ, ಉಳಿದದ್ದನ್ನು ಒತ್ತಿ ತೆರೆಯಬೇಕು, ತೆರೆಯುವವರು ಕಡಿಮೆ. ಆದ್ದರಿಂದ ಎರಡು ಹೆಸರೂ ಮೊದಲ ಸಾಲಿನಲ್ಲೇ:

‘ಅಮರಾಪುರ ಕಂಬಳಿ ಮತ್ತು ವೇಣಿ ಡೆನಿಮ್ ಕೂಡಿ ಮಾಡಿದ ಜಾಕೆಟ್. ನೇಯ್ದವರು ಅವರು, ಹೊಲಿದವರು ಇವರು.’

“ಇದು ಹಿಂಗೇ ಇರ್ತದಾ ಶ್ರಾವಣಿ? ನಮ್ಮ ಮಾವುಂಗೆ ಮಾತು ಕೊಟ್ಟಿವ್ನಿ ಕಣೆ. ಇನ್ನೂ ಮೂರು ಮನೆಯೋರು ನನ್ನ ನಂಬಿ ಕಂಬಳಿ ಕೊಟ್ಟವ್ರೆ,” ಎಂದು ನಾಗರತ್ನ ಕೇಳಿದ್ದಳು.

“ಇರ್ತದಕ್ಕ. ಬರಿಯಾಕಿ ನಾನಽ ಅಲ್ಲ?” ಎಂದಿದ್ದಳು ಶ್ರಾವಣಿ.

ಈಗ ಹನುಮೇಶ್ ಎದುರಿಗೆ ನಿಂತಿದ್ದಾನೆ.

“ಅವರಿಗೆ ಬ್ಯಾಸರ ಆಗಲ್ಲೇನಣ್ಣ?”

“ಅವರ ಪೇಜಿನಾಗ ಅವರದು ಹೆಂಗೈತೋ ಹಂಗ ಇರ್ಲಿ, ನಾನ್ಯಾಕ ಬ್ಯಾಡಂತೀನಿ? ಲಗ್ನಪತ್ರಿಕಿ ನೋಡಿಲ್ಲೇನು? ಗಂಡಿನ ಕಡಿಯವ್ರು ಒಂದು ಹೊಡಸ್ತಾರ, ಹೆಣ್ಣಿನ ಕಡಿಯವ್ರು ಒಂದು. ಅವರವರ ಕಾರ್ಡಿನಾಗ ಅವರವರ ಹೆಸರು ಮೊದಲು. ಯಾರಾದ್ರೂ ಜಗಳ ತಗದಾರೇನು? ನಮ್ಮ ಕಾರ್ಡು ನಾವು ತಿದ್ತೀವಿ, ಅಷ್ಟ.”

ಅದು ಹಾಗಲ್ಲ ಎಂದು ಶ್ರಾವಣಿಗೆ ಗೊತ್ತಿತ್ತು. ಪತ್ರಿಕೆ ಎರಡಲ್ಲ, ಒಂದೇ. ತಿದ್ದುವ ಅಧಿಕಾರ ಹಾಕಿದವರಿಗೆ ಮಾತ್ರ. ಇಲ್ಲಿ ತಿದ್ದಿದರೆ ಅಮರಾಪುರದ ಪೇಜಿನಲ್ಲೂ ಅದೇ ಮಾತು ಬರುತ್ತದೆ, ನಾಗರತ್ನ ತಾನೇ ಹೇಳಿಕೊಂಡ ಹಾಗೆ. ಅದನ್ನು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಮಿಷನ್ನಿನ ಮಾರೇಶ್ ಪೆಡಲಿನಿಂದ ಕಾಲು ತೆಗೆದು ಇತ್ತ ತಿರುಗಿದ. ಹೋದ ತಿಂಗಳು ಅಳತೆ ಚೀಟಿಯ ತಪ್ಪು ತೋರಿಸಿದ್ದಕ್ಕೆ ಅವನೇ, “ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಮಗ ಪಾಠ ಹೇಳ್ತಾಳಪ,” ಎಂದು ಇಡೀ ಶೆಡ್ಡನ್ನು ನಗಿಸಿದ್ದ. ಅವಳ ಕಿವಿ ಬಿಸಿಯಾಯಿತು.

“ಆತಣ್ಣ,” ಎಂದಳು.

ತಿದ್ದಲು ಎರಡು ನಿಮಿಷ ಸಾಕಾಯಿತು. ಅಮರಾಪುರದ ಹೆಸರು ಆರನೇ ಸಾಲಿಗೆ ಇಳಿಯಿತು, ‘ಕಂಬಳಿ ಒದಗಿಸಿದವರು’ ಎಂಬ ಮಾತಿನ ಪಕ್ಕಕ್ಕೆ.

ಆ ದಿನ ಏನೂ ಆಗಲಿಲ್ಲ. ಮಾರನೆಯ ದಿನ ಪೋಸ್ಟಿನ ಕೆಳಗೆ ನಾಗರತ್ನಳ ಮೈದುನ ರಾಮಾಂಜಿನೇಯ ಮಡಕಶಿರಾದಿಂದ ಬರೆದಿದ್ದ: ‘ಅತ್ತಿಗೆ, ಇಬ್ರೂ ಸೇರಿ ಮಾಡ್ತಿದೀವಿ ಅಂದಿದ್ರಿ. ನೀವು ಬರೀ ಮಾಲು ಕೊಡೋರಾ?’ ಅದಕ್ಕೆ ಮೂವರು ನಗುವ ಮುಖ ಹಾಕಿದ್ದರು. ನಾಗರತ್ನ ಉತ್ತರ ಬರೆದಿರಲಿಲ್ಲ, ಫೋನೂ ಮಾಡಲಿಲ್ಲ. ತಾನೇ ಮಾಡಬೇಕೆಂದು ಶ್ರಾವಣಿ ಎರಡು ಸಲ ನಂಬರು ತೆಗೆದು ಎರಡು ಸಲವೂ ಮುಚ್ಚಿದಳು.

ಬುಧವಾರ ಎರಡನೇ ಕಂತಿನ ಕಂಬಳಿ ಬರಬೇಕಿತ್ತು. ಮೊದಲ ಸಲ ಗಂಟನ್ನು ಬಸ್ಸಿಗೆ ಹಾಕಿ ಕಂಡಕ್ಟರನ ನಂಬರು ಕಳಿಸಿದ್ದರು. ಈ ಸಲ ಗಂಟಿನ ಜೊತೆ ನಾಗರತ್ನಳೂ ಓಬಣ್ಣನೂ ಬಂದರು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಟಮಟ ಮಧ್ಯಾಹ್ನಕ್ಕೆ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಓಬಣ್ಣ ಗಂಟನ್ನು ಒಳಗೆ ತರದೆ ಹೊಸಲಿನ ಆಚೆ ಇಟ್ಟು, ಅದರ ಮೇಲೆಯೇ ಕೂತುಬಿಟ್ಟ.

“ಒಳಗ ಬರ್ರಿ ಓಬಣ್ಣಾರೆ, ಬಿಸಲಾಗ ಯಾಕ ಕುಂತ್ರಿ,” ಎಂದು ನಾಗವೇಣಿ ನೀರಿನ ಚೊಂಬು ತಂದಳು.

“ಇರ್ಲಿ ಕಣಮ್ಮ. ಒಳಗೆ ಬರೋದಾ, ಬಸ್ಟಾಂಡಿಗೆ ಹೋಗೋದಾ ಅಂತ ಇನ್ನೂ ತೀರ್ಮಾನ ಆಗಿಲ್ಲ,” ಎಂದ ಮುದುಕ. ನೀರನ್ನು ಮಾತ್ರ ಕುಡಿದ.

ನಾಗರತ್ನ ಹನುಮೇಶನ ಕಡೆ ತಿರುಗಿದಳು. “ಅಣ್ಣಾ, ನಮ್ಮ ಹೆಸರು ಕೆಳಕ್ಕೆ ಯಾಕೋಯ್ತು?”

“ಅದು ನಮ್ಮ ಪೇಜಿನಾಗ ಅಷ್ಟ ಕಣಮ್ಮ. ನಿಮ್ಮದ್ರಾಗ ನಿಮ್ಮದು ಮೊದಲಽ ಐತೆಲ್ಲ.”

“ಐತಾ? ನೋಡಿ.”

ಅವಳು ಫೋನನ್ನು ಅವನ ಮುಖದೆದುರು ಹಿಡಿದಳು. ಮೇಲೆ ಅಮರಾಪುರ ಕಂಬಳಿ ಎಂಬ ಪೇಜು, ಅದರೊಳಗೆ ಜಾಕೆಟ್ಟಿನ ಫೋಟೋ, ಕೆಳಗೆ ‘ವೇಣಿ ಡೆನಿಮ್ ತಯಾರಿಸಿದ ಹೊಸ ಜಾಕೆಟ್’. ಹನುಮೇಶ್ ಓದಿದ, ಮತ್ತೆ ಓದಿದ. ಅವನ ಹಣೆಯ ಗೆರೆಗಳು ಒಂದಕ್ಕೊಂದು ಸೇರಿದವು.

“ಇದು ನಿಮಗೂ ಬರ್ತದೇನು?”

“ಬತ್ತದೆ. ನಾನು ಬೇಡ ಅಂದ್ರೂ ತಿದ್ದಕ್ಕಾಗಲ್ಲ. ನನ್ನ ಕೈಲಾಗೋದು ಒಂದೇ, ಆ ಪೋಸ್ಟಿಂದ ಹೊರಗೆ ಬರೋದು. ಬಂದ್ರೆ ನಮ್ಮ ಪೇಜಿಂದ ಹೋಗ್ತದೆ, ನಿಮ್ಮದ್ರಲ್ಲಿ ಇರ್ತದೆ. ಆ ಮೂರು ಮನೆಯೋರು ನಮ್ಮ ಜಗಲಿ ಮೇಲೆ ಕುಂತವ್ರೆ ಅಣ್ಣಾ. ‘ನಿನ್ನ ಪೇಜಲ್ಲಿ ನೀನೇ ಬರ್ಕಂಡಿದೀಯಲ್ಲವ್ವ’ ಅಂತಾರೆ. ಏನ್ ಹೇಳ್ಲಿ?”

ಹನುಮೇಶ್ ಶೆಡ್ಡಿನೊಳಗೆ ನೋಡಿದ. ಮಿಷನ್ನುಗಳು ಒಂದೊಂದಾಗಿ ನಿಂತಿದ್ದವು.

“ಶ್ರಾವಣಿ, ಇದು ಹಿಂಗಂತ ನಿನಗ ಗೊತ್ತಿತ್ತೇನು?”

ಗೊತ್ತಿರಲಿಲ್ಲ ಎಂದರೆ ಎಲ್ಲರೂ ನಂಬುತ್ತಿದ್ದರು. ಎಂಟನೇ ಕ್ಲಾಸಿನ ಹುಡುಗಿ, ಪಾಪ, ಎನ್ನುತ್ತಿದ್ದರು. ಹನುಮೇಶನಿಗೂ ಅದೇ ಬೇಕಾಗಿತ್ತೇನೋ. ಅವಳು ನಾಗರತ್ನಳನ್ನು ನೋಡಿದಳು. ನಾಗರತ್ನ ಅವಳನ್ನೇ ನೋಡುತ್ತಿದ್ದಳು.

“ಗೊತ್ತಿತ್ತಣ್ಣ.”

“ಮತ್ತ ಯಾಕ ಹೇಳ್ಲಿಲ್ಲ?”

“ಹೇಳಾಕ ನಾಚಿಕಿ ಆತು. ಎಲ್ಲಾರೂ ನಗ್ತಾರಂತ.”

ಮಾರೇಶ್ ಮಿಷನ್ನಿನ ಸೂಜಿಯನ್ನು ಬಗ್ಗಿ ನೋಡತೊಡಗಿದ.

“ನಿನ್ನ ನಾಚಿಕೆಗೆ ನನ್ನ ಮುಖ ಹೋಯ್ತಲ್ಲೆ,” ಎಂದಳು ನಾಗರತ್ನ. ದನಿ ಏರಲಿಲ್ಲ. “ಅಣ್ಣ ತಿಳೀದೆ ಮಾಡಿದ್ರು. ನೀನು ತಿಳಿದೂ ಮಾಡ್ದೆ. ಮಾತು ಕೊಟ್ಟಿದ್ದು ನೀನು.”

ನಾಗವೇಣಿ ಗಂಡನ ಕಡೆ ತಿರುಗಿದಳು. “ನಾನು ಜಿಪ್ಪು ತರಾಕ ಹೋದ ಹೊತ್ತಿನಾಗ ಇಷ್ಟು ಮಾಡಿಟ್ಟೀರಿ. ಈಗ್ಲೇ ಮೊದಲಿನಂಗ ಹಾಕಸ್ರಿ.”

“ಬೇಡಕ್ಕ,” ಎಂದಳು ನಾಗರತ್ನ. “ಇವತ್ತು ಹಾಕ್ತೀರ, ನಾಳೆ ಇನ್ಯಾವನೋ ಅಂಗಡಿಯೋನು ಫೋನ್ ಮಾಡ್ತಾನೆ. ಆ ಪೋಸ್ಟು ತೆಗೀರಿ. ನಮ್ಮ ಪೇಜಿಂದ ನಾನು ಹಾಕ್ತೀನಿ, ನಿಮ್ಮನ್ನ ಕರೀತೀನಿ. ಒಪ್ಕಳದು ಬಿಡದು ನಿಮಗೆ ಬಿಟ್ಟಿದ್ದು.”

“ಅಂದ್ರ ಬರಹ ನಿಮ್ಮ ಕೈಯಾಗ,” ಎಂದ ಹನುಮೇಶ್. “ನೀವು ತಿದ್ದಲ್ಲಂತ ಏನು ನಂಬಿಕಿ?”

“ಏನೂ ಇಲ್ಲ. ಮೂರು ದಿನದಿಂದ ನಾನು ಹಂಗೇ ಇದೀನಿ.”

ಹೊರಗೆ ಓಬಣ್ಣ ಕೆಮ್ಮಿದ. “ಮೂರು ಗಂಟೆ ಬಸ್ಸು ಸಿಗ್ತದೇನಪ್ಪ?” ಎಂದು ಯಾರನ್ನೋ ಕೇಳಿದ.

ಹನುಮೇಶ್ ಗಂಟಿನ ಕಡೆ ನೋಡಿದ. ಆಮೇಲೆ ಶ್ರಾವಣಿಯ ಕಡೆ ಕೈ ಚಾಚಿದ. ಅವಳು ಪೇಜು ನಡೆಸುವ ಶೆಡ್ಡಿನ ಫೋನನ್ನು ಆ ಅಂಗೈಯಲ್ಲಿಟ್ಟಳು. ಅವನು ಅದನ್ನು ಹೆಂಡತಿಗೆ ಕೊಟ್ಟ. “ಇನ್ಮ್ಯಾಲೆ ಇದನ್ನ ನೀನ ನೋಡ್ಕೊ.” ನಾಗವೇಣಿ ತಡಕಾಡಿ ಹಳೆಯ ಪೋಸ್ಟನ್ನು ಅಳಿಸಿದಳು. ಏಳುನೂರು ಲೈಕು, ದರ ಕೇಳಿದ ಅರವತ್ತು ಜನ, ಎಲ್ಲ ಅದರ ಜೊತೆಗೆ ಹೋದವು.

ನಾಗರತ್ನ ಅಲ್ಲಿಯೇ ಬಾಗಿಲಿಗೆ ಒರಗಿ ಬರೆದಳು. ಸ್ವಲ್ಪ ಹೊತ್ತಿಗೆ ನಾಗವೇಣಿಯ ಕೈಯ ಫೋನು ಸದ್ದು ಮಾಡಿತು. ಅವಳು ಅಲ್ಲಿ ಇಲ್ಲಿ ಒತ್ತಿ ನೋಡಿದಳು.

“ಕರೆ ಎಲ್ಲಿ ಬಂದದ ಇದ್ರಾಗ? ಶ್ರಾವಣಿ, ಬಾ ಇಲ್ಲಿ.”

ಶ್ರಾವಣಿ ಎದ್ದು ಬಂದಳು. ಫೋನು ಮುಟ್ಟಲಿಲ್ಲ, ಬೆರಳು ತೋರಿದಳು. ನಾಗವೇಣಿಯ ಹೆಬ್ಬೆರಳು ಒತ್ತುವುದರಲ್ಲಿತ್ತು.

“ತಡೀಯಕ್ಕ,” ಎಂದಳು ಶ್ರಾವಣಿ. ಈ ಸಲ ಶೆಡ್ಡಿಗೆಲ್ಲ ಕೇಳಿಸಿತು. “ಪೂರಾ ತಗದು ಓದಿ ಒತ್ತಬೇಕು. ಇದರಾಗಿನ ಒಂದಕ್ಷರಾನೂ ನಮಗ ತಿದ್ದಾಕ ಬರಲ್ಲ. ಇವತ್ತೂ ಬರಲ್ಲ, ನಾಳೆಗೂ ಬರಲ್ಲ.”

ಯಾರೂ ನಗಲಿಲ್ಲ. ನಾಗರತ್ನ ಅವಳತ್ತ ನೋಡಿ, ಮತ್ತೆ ಬೇರೆಡೆ ತಿರುಗಿದಳು.

ನಾಗವೇಣಿ ಗಟ್ಟಿಯಾಗಿ ಓದಿದಳು: “‘ವೇಣಿ ಡೆನಿಮ್ ಮತ್ತು ಅಮರಾಪುರ ಕಂಬಳಿ ಕೂಡಿ ಮಾಡಿದ ಜಾಕೆಟ್. ಹೊಲಿದವರು ಅವರು, ನೇಯ್ದವರು ನಾವು. ಬೇಕಾದವರು ಇಬ್ಬರಲ್ಲಿ ಯಾರನ್ನಾದರೂ ಕೇಳಿ.’”

“ಇಬ್ಬರಲ್ಲಿ ಯಾರನ್ನಾದರೂ,” ಎಂದ ಹನುಮೇಶ್. ಅವನಿಗೆ ಬಳ್ಳಾರಿಯ ಅಂಗಡಿ ನೆನಪಾಗಿರಬೇಕು. “ಆ ಮಾತು ಬ್ಯಾಡಾಗಿತ್ತು.”

“ಬ್ಯಾಡಾದ್ರ ಒತ್ತಂಗಿಲ್ಲ, ಅಷ್ಟ,” ಎಂದಳು ನಾಗವೇಣಿ. “ಹೇಳ್ರಿ.”

ಅವನು ಮೀಸೆಯ ತುದಿ ಕಚ್ಚಿದ. ಹೊಸಲಿನ ಆಚೆ ಮುದುಕ ಗಂಟಿನ ಮೇಲಿಂದ ಏಳಲು ಮೊಣಕಾಲಿಗೆ ಕೈಯೂರಿದ.

“ಒತ್ತು,” ಎಂದ ಹನುಮೇಶ್.

ಓಬಣ್ಣ ಎದ್ದು, ಗಂಟನ್ನು ಒಳಗೆ ಎಳೆದುಕೊಂಡು ಬಂದ. ಶ್ರಾವಣಿ ಬಿಚ್ಚಲು ಬಗ್ಗಿದಾಗ ನಾಗರತ್ನ ಅವಳ ಕೈಯನ್ನು ಮೆಲ್ಲಗೆ ಸರಿಸಿ, ಗಂಟನ್ನು ತಾನೇ ಬಿಚ್ಚಿದಳು.