ಸೋಮವಾರದ ಹಲ್ಲು

ಗುರುವಾರ ಮಧ್ಯಾಹ್ನ ಬಂದ ಡಬ್ಬಿಯಲ್ಲಿ ಒಂದು ದವಡೆಯ ಅಚ್ಚಿತ್ತು. ಜೊತೆಯ ಚೀಟಿಯಲ್ಲಿ ಡಾಕ್ಟರು ಬರೆದಿದ್ದರು: ಮೂರು ಹಲ್ಲಿನ ಬ್ರಿಡ್ಜ್, ಸೋಮವಾರ ಬೆಳಿಗ್ಗೆ, ಅರ್ಜೆಂಟ್.

ಅಕ್ಕ ಚೀಟಿಯನ್ನು ತಮ್ಮನ ಮೇಜಿಗೆ ಸರಿಸಿದಳು. ಕೃತಕ ಹಲ್ಲು ಮಾಡುವ ಆ ಲ್ಯಾಬಿನಲ್ಲಿ ಇದ್ದವರು ಅವರಿಬ್ಬರೇ.

"ಈ ಡಾಕ್ಟ್ರ ಹತ್ರ ಅರ್ಜೆಂಟ್ ಅಲ್ಲದ ಬಾಯೇ ಇಲ್ವಾ?" ತಮ್ಮ ತಲೆ ಎತ್ತಲಿಲ್ಲ. "ಈ ಭಾನುವಾರನೂ ಹೋದ್ರೆ ನನ್ನ ಕೆಲ್ಸಕ್ಕೆ ಕರೀತಿರೋ ಆ ದೊಡ್ಡ ಲ್ಯಾಬಿನವ್ರಿಗೆ ಬರ್ತೀನಿ ಅಂದ್ಬಿಡ್ತೀನಿ ಅಕ್ಕ. ಆಮೇಲೆ ಹೇಳ್ಲಿಲ್ಲ ಅನ್ಬೇಡ."

ಅವನಿಗೆ ಕೋಪವೇನೂ ಬಂದಿರಲಿಲ್ಲ. ಅದಕ್ಕೆ ಬೇಕಾದ ತ್ರಾಣ ಉಳಿದಿರಲಿಲ್ಲ.

ಹಲ್ಲುಗಳನ್ನು ಒಂದಕ್ಕೊಂದು ಬೆಸೆದು ಕೂರಿಸುವ ಇಂಥ ಬ್ರಿಡ್ಜಿಗೆ ಏಳು ದಿನದ ವಾಯಿದೆ. ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ತಿದ್ದಿ, ಲೋಹ ಎರಕ ಹೊಯ್ದು, ಮೇಲೆ ಪಿಂಗಾಣಿಯನ್ನು ಪದರ ಪದರವಾಗಿ ಸುಡಬೇಕು. ಬೇಗ ಬೇಕೆಂದರೆ ಬೇರೆಯವರ ಹಲ್ಲು ಹಿಂದೆ ಸರಿಯಬೇಕು, ಇಲ್ಲವೇ ಭಾನುವಾರ ಕೈಬಿಡಬೇಕು. ಅದಕ್ಕೇ, ಹೋದ ತಿಂಗಳ ಒಂದನೇ ತಾರೀಖಿನಿಂದ ಮೂರು ಕೆಲಸದ ದಿನದೊಳಗೆ ಬೇಕೆಂದರೆ ದರದ ಅರ್ಧದಷ್ಟು ಹೆಚ್ಚುವರಿ ಎಂದು ಅಕ್ಕ ಎಲ್ಲ ಕ್ಲಿನಿಕ್ಕುಗಳಿಗೂ ತಿಳಿಸಿದ್ದಳು. ಬಾಯಿಬಿಟ್ಟು ಕೇಳಿದ್ದು ಮಾತ್ರ ಒಮ್ಮೆಯೂ ಇಲ್ಲ. ಲ್ಯಾಬಿನ ಮೂರರಲ್ಲೊಂದು ಪಾಲು ಕೆಲಸ ಈ ಡಾಕ್ಟರದೇ.

ಕೈಯೆಲ್ಲ ಪ್ಲಾಸ್ಟರ್ ಆಗಿತ್ತು. ಅಕ್ಕ ಡಾಕ್ಟರಿಗೆ ಫೋನ್ ಹಚ್ಚಿ, ಮೊಣಕೈಯಿಂದ ಸ್ಪೀಕರ್ ಒತ್ತಿದಳು.

"ಡಾಕ್ಟ್ರೇ, ಸೋಮವಾರಕ್ಕೆ ಅಂದ್ರೆ ಅರ್ಜೆಂಟ್ ಚಾರ್ಜ್ ಬೀಳತ್ತೆ. ಒಂದೂವರೆ ಪಟ್ಟು. ನೀವು ಹ್ಞೂಂ ಅಂದ್ಮೇಲೇ ಕೆಲ್ಸ ಹಿಡಿಯೋದು."

"ನಮಗೂನಾ? ಇಷ್ಟು ವರ್ಷದ ಮೇಲೆ?"

"ಎಲ್ರಿಗೂ ಒಂದೇ. ಕಾಗದ ಕಳ್ಸಿದ್ನಲ್ಲ."

"ಕಾಗದ ಎಲ್ಲಾ ಯಾರಮ್ಮ ಓದ್ತಾರೆ?"

ತಮ್ಮನ ಕೈಯ ಕುಂಚ ಹಲ್ಲಿನ ಮೇಲೇ ನಿಂತಿತ್ತು. ಅತ್ತ ಕಡೆ ಪುಟ ಮಗುಚಿದ ಸದ್ದು. ಡಾಕ್ಟರು ರಿಸೆಪ್ಷನಿನವಳನ್ನು ಏನೋ ಕೇಳುತ್ತಿದ್ದರು.

"ಪೇಷೆಂಟ್ ಬರೋದು ಹದಿನೆಂಟಕ್ಕಂತೆ," ಎಂದರು ಡಾಕ್ಟರು. ಹದಿನೆಂಟಕ್ಕೆ ಇನ್ನೂ ಎರಡು ವಾರವಿತ್ತು. "ಹದಿನೇಳಕ್ಕೆ ಕೊಡಿ, ಸಾಕು. ಮಾಮೂಲಿ ರೇಟೇ ತಾನೆ?"

"ಮಾಮೂಲಿನೇ. ಮತ್ತೆ ಸೋಮವಾರ ಅಂತ ಬರ್ದಿದ್ರಲ್ಲ?"

"ಕೈಲಿದ್ರೆ ಒಂದು ಧೈರ್ಯ, ಅಷ್ಟೇ. ನಾನು ಯಾವಾಗ್ಲೂ ಹಾಗೇ ಬರ್ಯೋದು."

ಅಕ್ಕ ಮೊಣಕೈಯಿಂದಲೇ ಫೋನ್ ಕಟ್ ಮಾಡಿದಳು.

"ಯಾವಾಗ್ಲೂ," ಎಂದ ತಮ್ಮ. "ನನ್ನ ಮಗಳ ನಾಟಕದ ದಿನ ಇಲ್ಲಿ ಕೂತು ಮಾಡಿದ್ನಲ್ಲ, ಆ ನಾಲ್ಕು ಹಲ್ಲೂ ಹಾಗೇನಾ?"

"ಅದನ್ನ ಕೇಳ್ಬೇಡ್ವೋ." ಅಕ್ಕ ಕೈ ತೊಳೆಯಲು ನಲ್ಲಿ ತಿರುಗಿಸಿದಳು. "ತಪ್ಪು ನಂದೇ. ಮೊದ್ಲೇ ಕೇಳ್ಬೇಕಿತ್ತು."

ತಮ್ಮ ಎದ್ದು ಚೀಟಿಯ ಮೇಲೆ ಹದಿನೇಳು ಎಂದು ದೊಡ್ಡದಾಗಿ ಬರೆದ. ಡಬ್ಬಿಯನ್ನು ಸಾಲಿನ ಕೊನೆಯಲ್ಲಿಟ್ಟು, ಮತ್ತೆ ಕುಂಚ ಹಿಡಿದ.

"ಭಾನುವಾರ ಹೇಗೂ ರಜಾ ಆಯ್ತು. ಸೋಮವಾರ ಸ್ವಲ್ಪ ತಡವಾಗಿ ಬರ್ಲಾ?"

"ಬಾ," ಎಂದಳು ಅಕ್ಕ, ನೀರಿನತ್ತ ನೋಡುತ್ತಲೇ. "ಹತ್ತಕ್ಕೆ ಬಾ."